ಐದನೇ ಹಂತದ ಕೊನೆಯಲ್ಲಿ ರೇಷ್ಮೆ ಹುಳು ಸೊಪ್ಪು ಬಿಡುತ್ತಿದೆ: ಸೊಪ್ಪು ಬಲಿತದ್ದೋ, ನೀರು ಹೆಚ್ಚಾದದ್ದೋ?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಒಂದು ಎಕರೆ ವಿ-1 ತಳಿಯ ಹಿಪ್ಪುನೇರಳೆ ತೋಟವಿದೆ, ಜೋಡಿ ಸಾಲು ಪದ್ಧತಿ, ಒಟ್ಟು 26 ಜೋಡಿ. ನೆಟ್ಟು ಐದನೇ ವರ್ಷ. ಕೆಂಪು ಗೋಡು ಮಣ್ಣು. ಡ್ರಿಪ್ ಇಲ್ಲ, ಕಾಲುವೆಯಲ್ಲಿ ಸಾಲಿಗೆ ನೀರು ಹಾಯಿಸುತ್ತೇನೆ. ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ, ಚಾಕಿ ಮರಿಹುಳು ತಂದು, ರೆಂಬೆ ಸಮೇತ ಸೊಪ್ಪು ಕತ್ತರಿಸಿ ಕೊಡುತ್ತೇನೆ. ಎರಡು ತಿಂಗಳಿಗೊಂದು ಬೆಳೆ, ನಡುವೆ ಒಂದು ಬಿಟ್ಟು ವರ್ಷಕ್ಕೆ ಐದು.

ಈ ಸಲ 200 ಮೊಟ್ಟೆ, ಅಂದರೆ 200 ಚಿಟ್ಟೆ ಇಟ್ಟಷ್ಟು ಮೊಟ್ಟೆಯ, ದ್ವಿತಳಿ ಹುಳುವಿಗೆ ಸಿಕ್ಕಿದ್ದು 82 ಕಿಲೋ ಗೂಡು. ಹಿಂದಿನ ಬೆಳೆಯಲ್ಲಿ ಇದೇ 200 ಮೊಟ್ಟೆಗೆ 121 ಕಿಲೋ ಬಂದಿತ್ತು. ರೋಗವೆಂದು ಹೇಳುವಷ್ಟು ಹುಳು ಸಾಯಲಿಲ್ಲ. ನಾಲ್ಕನೇ ಜ್ವರ ಎದ್ದು ಐದನೇ ಹಂತಕ್ಕೆ ಬಂದ ಮೇಲೆ ಐದಾರು ದಿನ ಚೆನ್ನಾಗಿಯೇ ತಿಂದವು. ಆಮೇಲೆ ರೆಂಬೆಯ ತುದಿಯನ್ನಷ್ಟೇ ತಿಂದು ಕೆಳಗಿನ ಎಲೆಗಳನ್ನು ಮುಟ್ಟದೆ ಬಿಟ್ಟವು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವುದೂ ಒಟ್ಟಿಗೆ ಆಗಲಿಲ್ಲ, ಮೂರು ದಿನ ಹಿಡಿಯಿತು. ಗೂಡು ಒತ್ತಿದರೆ ಮೆತ್ತಗಿದೆ. ಕಿಲೋಗೆ 720 ಗೂಡು ತೂಗುತ್ತಿದೆ.

ತೋಟ ನೋಡಿದರೆ ಕಡು ಹಸಿರು, ಅಂಗೈಗಿಂತ ದೊಡ್ಡ ಎಲೆ. ಸೊಪ್ಪಿನಲ್ಲಿ ಏನು ತಪ್ಪಿದೆಯೋ ತಿಳಿಯುತ್ತಿಲ್ಲ. ಗೊಬ್ಬರ ಕಡಿಮೆಯಾಯಿತೇ?

ನೀರುಗಂಟಿ

ಗೊಬ್ಬರವಲ್ಲ ಸರ್, ನೀರು. ಕಾಲುವೆ ನೀರಿನ ತೋಟಗಳಲ್ಲಿ ಇದು ಮಾಮೂಲು. ನೀರು ಹೆಚ್ಚಾದರೆ ಎಲೆ ದೊಡ್ಡದಾಗಿ ಕಾಣುತ್ತದೆ, ಒಳಗೆ ಸತ್ವವಿರುವುದಿಲ್ಲ. ನಾನು ಕಟಾವಿಗೆ 15 ದಿನ ಇರುವಾಗಲೇ ನೀರು ಪೂರ್ತಿ ನಿಲ್ಲಿಸುತ್ತೇನೆ. ಸೊಪ್ಪು ಗಟ್ಟಿಯಾಗುತ್ತದೆ, ಗೂಡೂ ಗಟ್ಟಿಯಾಗುತ್ತದೆ. ನೀವೂ ಹಾಗೆಯೇ ಮಾಡಿ ನೋಡಿ.

ಹಿಕ್ಕೆಲೆಕ್ಕ

ಗೊಬ್ಬರ, ನೀರು ಎಂದು ತೀರ್ಮಾನಿಸುವ ಮೊದಲು ನನಗೆ ಕೆಲವು ದಿನಾಂಕಗಳು ಬೇಕು. ಹುಳು ಮನೆಗೆ ಬಂದ ದಿನವನ್ನು ಒಂದನೇ ದಿನ ಎಂದಿಟ್ಟುಕೊಂಡು ಹೇಳಿ.

ಯಾವ ಸಾಲಿನಿಂದ ಕಟಾವು ಶುರು ಮಾಡಿದಿರಿ, ಯಾವ ಸಾಲಿನಲ್ಲಿ ಮುಗಿಸಿದಿರಿ? ಹಿಂದಿನ ಬೆಳೆಯಲ್ಲಿ ಎಲ್ಲಿಂದ ಶುರು ಮಾಡಿದ್ದಿರಿ? ಕೊನೆಯ ನೀರು ಯಾವ ದಿನ? ಯೂರಿಯಾ ಯಾವಾಗ, ಎಷ್ಟು ಸಲ?

ಇನ್ನೊಂದು: ಹುಳು ಸೊಪ್ಪು ಬಿಟ್ಟ ದಿನಗಳಲ್ಲಿ ಹಿಕ್ಕೆ ಹೇಗಿತ್ತು? ಬೆರಳಿಗೆ ಅಂಟುತ್ತಿತ್ತೋ, ಉದುರುತ್ತಿತ್ತೋ? ಇದನ್ನು ನೋಡಿರುವವರು ಕಡಿಮೆ, ಆದರೂ ಕೇಳುತ್ತೇನೆ.

ಕೊಡಲಿಕಾವು

ನನ್ನದೂ ಇದೇ ಸಮಸ್ಯೆ. ಬುಡ ಕಟಾವು ಮಾಡಿದ ಮೇಲೆ ಎಂಟು ಹತ್ತು ಗಿಡ ಚಿಗುರಲೇ ಇಲ್ಲ. ಚಿಗುರಿದ ಕೆಲವೂ ಒಂದು ವಾರದಲ್ಲಿ ಬಾಡಿ ನಿಂತವು. ಕಿತ್ತು ನೋಡಿದರೆ ಬೇರಿನ ತೊಗಟೆ ಕೈಗೆ ಬರುತ್ತದೆ. ಇದಕ್ಕೂ ನೀರು ನಿಲ್ಲಿಸಬೇಕೇ?

ಹಿಕ್ಕೆಲೆಕ್ಕ

ಕೊಡಲಿಕಾವು ಅವರೇ, ಇದು ಅದೇ ಸಮಸ್ಯೆಯಲ್ಲ. ತೊಗಟೆ ಸುಲಿದು ಬಂದರೆ ಬೇರು ಕೊಳೆ ರೋಗ. ಸತ್ತ ಗಿಡವನ್ನು ಬೇರು ಸಮೇತ ಕಿತ್ತು ಸುಡಿ, ಆ ಗುಂಡಿಯ ನೀರು ಪಕ್ಕದ ಗಿಡಕ್ಕೆ ಹರಿಯದಂತೆ ಬದು ಹಾಕಿ, ಅದೇ ಮಚ್ಚಿನಿಂದ ಒಳ್ಳೆಯ ಗಿಡ ಸವರಬೇಡಿ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತದೆ.

ಹೊಸಚಿಗುರು

ಅಕ್ಕಾ, ಪುಸ್ತಕದಲ್ಲಿ ಬರೆದಿಟ್ಟಿದ್ದು ನೋಡಿ ಹೇಳುತ್ತಿದ್ದೇನೆ.

ಹಿಂದಿನ ಬೆಳೆಯಲ್ಲಿ 1ನೇ ಸಾಲಿನಿಂದ ಶುರು ಮಾಡಿ 26ರಲ್ಲಿ ಮುಗಿಸಿದ್ದೆ. 1ನೇ ಸಾಲು ಹುಳು ಮನೆಗೆ ಹತ್ತಿರ. ಈ ಸಲ ಹುಳು ಬಂದಾಗ ಕಾಲುವೆ ಒಡೆದು ಆ ತುದಿ ಕೆಸರಾಗಿತ್ತು, ಕಾಲಿಡುವ ಹಾಗಿರಲಿಲ್ಲ. ಅದಕ್ಕೆ 26ರಿಂದ ಶುರು ಮಾಡಿ 1ಕ್ಕೆ ಬಂದೆ. ಎರಡು ಬೆಳೆಗೂ ನಡುವೆ ಸರಿಯಾಗಿ 60 ದಿನ.

ಹುಳು ನಾಲ್ಕನೇ ಜ್ವರಕ್ಕೆ ಕುಳಿತದ್ದು ಒಂಬತ್ತನೇ ದಿನ. ಕೆಲಸ ಬಿಡುವಾಗಿದ್ದರಿಂದ ಅಂದು ಇಡೀ ತೋಟಕ್ಕೆ ನೀರು ಬಿಟ್ಟೆ. 1ನೇ ಸಾಲಿನ ಕಡೆಯ ಎಲೆ ಒರಟಾಗಿ, ಬುಡದಲ್ಲಿ ಹಳದಿಯಾಗಿ ಕಾಣುತ್ತಿತ್ತು, ನೀರು ಬಿದ್ದರೆ ಮೆತ್ತಗಾಗಲಿ ಎಂದು ಆ ಕಡೆಗೆ ಚೆನ್ನಾಗಿಯೇ ಬಿಟ್ಟೆ. ಯೂರಿಯಾ ಎರಡು ಸಲ: ಕಟಾವಾದ 20 ದಿನಕ್ಕೆ ಒಮ್ಮೆ, ಹುಳು ಬರುವ ಎರಡು ದಿನ ಮೊದಲು ಒಮ್ಮೆ.

ಹಿಕ್ಕೆ ಅಂಟುತ್ತಿತ್ತು. ಹಾಸಿಗೆಯೂ ಒದ್ದೆಯಾಗಿತ್ತು, ಸುಣ್ಣ ಹೆಚ್ಚು ಉದುರಿಸಿದೆ.

ನೀರುಗಂಟಿ

ನೋಡಿದಿರಾ, ನೀರೇ.

ಹಿಕ್ಕೆಲೆಕ್ಕ

ಅರ್ಧ ನೀರು. ಇನ್ನರ್ಧ ಕೆಸರಿನಿಂದ ಬಂದದ್ದು. ಹೊಸಚಿಗುರು, ನೀವು ಪುಸ್ತಕ ಬರೆದಿಟ್ಟಿದ್ದೀರಿ, ಅದಕ್ಕೇ ಲೆಕ್ಕ ಮಾಡಲಾಗುತ್ತಿದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ರೆಂಬೆ ಕಟಾವಿನಲ್ಲಿ ಸೊಪ್ಪು ಕೊಯ್ಯುವುದೂ ಗಿಡ ಸವರುವುದೂ ಒಂದೇ ಕೆಲಸ. ಒಂದು ಸಾಲನ್ನು ಇಂದು ಕತ್ತರಿಸಿದರೆ ಅದರ ಮುಂದಿನ ಸೊಪ್ಪಿನ ವಯಸ್ಸು ಇಂದಿನಿಂದ ಎಣಿಕೆ. ನೀವು ಹುಳು ತಂದ ದಿನದಿಂದ ಹಣ್ಣಾಗುವವರೆಗೆ ಸುಮಾರು 17 ದಿನ ಕತ್ತರಿಸುತ್ತೀರಿ. ಅಂದರೆ ನಿಮ್ಮ ತೋಟಕ್ಕೆ ಒಂದೇ ವಯಸ್ಸು ಇಲ್ಲ. ಮೊದಲ ಸಾಲಿಗೂ ಕೊನೆಯ ಸಾಲಿಗೂ 16 ದಿನದ ಅಂತರ ಯಾವಾಗಲೂ ಇರುತ್ತದೆ.

ಪ್ರತಿ ಬೆಳೆಯಲ್ಲೂ ಒಂದೇ ದಿಕ್ಕಿನಲ್ಲಿ ಕತ್ತರಿಸಿದರೆ ಈ ಅಂತರ ತೊಂದರೆ ಕೊಡುವುದಿಲ್ಲ. 1ನೇ ಸಾಲು ಹಿಂದಿನ ಸಲವೂ ಮೊದಲ ದಿನ, ಈ ಸಲವೂ ಮೊದಲ ದಿನ, ಹಾಗಾಗಿ 60 ದಿನ. 26ನೇ ಸಾಲು ಎರಡೂ ಸಲ ಕೊನೆಯ ದಿನ, ಅದಕ್ಕೂ 60 ದಿನ.

ದಿಕ್ಕು ತಿರುಗಿಸಿದಾಗ ಏನಾಯಿತು ನೋಡಿ. 26ನೇ ಸಾಲು ಹಿಂದಿನ ಬೆಳೆಯ ಹದಿನೇಳನೇ ದಿನ ಕಟಾವಾಗಿತ್ತು, ಈ ಬೆಳೆಯ ಒಂದನೇ ದಿನ ಮತ್ತೆ ಕಟಾವಾಯಿತು. ಅದರ ವಯಸ್ಸು 44 ದಿನ. ಮೂರನೇ ಹಂತದ ಹುಳುವಿಗೆ ಅದು ಒಳ್ಳೆಯ ಸೊಪ್ಪು, ಅದೃಷ್ಟ. ನಡುವಿನ ಸಾಲುಗಳು 55ರಿಂದ 62 ದಿನ, ಅವೂ ಸರಿ. ಅದಕ್ಕೇ ಐದನೇ ಹಂತದ ಮೊದಲ ಐದಾರು ದಿನ ಹುಳು ಚೆನ್ನಾಗಿ ತಿಂದದ್ದು. ಕೊನೆಗೆ ಬಂದವು 6, 5, 4, 3, 2, 1. ಹಿಂದಿನ ಸಲ ಇವು ಮೂರು, ನಾಲ್ಕನೇ ಹಂತದ ಹುಳುವಿಗೆ ಮೊದಲೇ ಕಟಾವಾಗಿದ್ದವು. 6ನೇ ಸಾಲಿಗೆ 66 ದಿನ, ನಡುವಿನವಕ್ಕೆ 70ರ ಆಸುಪಾಸು, 1ನೇ ಸಾಲಿಗೆ 76 ದಿನ.

ಅಷ್ಟು ದಿನ ನಿಂತ ರೆಂಬೆಯಲ್ಲಿ ಕೆಳಗಿನ ಅರ್ಧ ಎಲೆ ನಾರಾಗಿರುತ್ತದೆ, ಪ್ರೋಟೀನು ಇಳಿದಿರುತ್ತದೆ. ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳಿದ್ದವೇ? ಇದ್ದರೆ ತುಕ್ಕು ರೋಗ, ಅದು ಬಲಿತ ಎಲೆಗೇ ಹತ್ತುವುದು. ಹುಳು ತುದಿ ತಿಂದು ಬುಡ ಬಿಟ್ಟದ್ದು ಇದೇ ಕಾರಣಕ್ಕೆ.

ಅದೂ ಯಾವಾಗ? ಕೊನೆಯ ಎರಡು ಮೂರು ದಿನ. ಹುಳು ಜೀವನಪೂರ್ತಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಐದನೇ ಹಂತದಲ್ಲಿ ಹೋಗುತ್ತದೆ, ರೇಷ್ಮೆ ಗ್ರಂಥಿ ತುಂಬುವುದೂ ಆಗಲೇ. ಅಲ್ಲಿ ಎರಡು ದಿನ ಅರೆಹೊಟ್ಟೆ ಆದರೆ ಗೂಡಿನ ಪದರ ತೆಳುವಾಗುತ್ತದೆ. ಮೊದಲು ತಿಂದು ತುಂಬಿಕೊಂಡವು ಬೇಗ ಹಣ್ಣಾಗುತ್ತವೆ, ಉಳಿದವು ಎಳೆಯುತ್ತವೆ. ನಿಮ್ಮ ಮೂರು ದಿನದ ಹಣ್ಣು ಹುಳು ಅಲ್ಲಿಂದ ಬಂದದ್ದು.

ಇನ್ನು ನೀರು. ಬಲಿತ ಎಲೆಯನ್ನು ನೀರು ಎಳೆಯದಾಗಿಸುವುದಿಲ್ಲ. ನಾರು ಒಮ್ಮೆ ಕಟ್ಟಿದ ಮೇಲೆ ಕಟ್ಟಿತು. ನೀವು ಬಿಟ್ಟ ನೀರು, ಅದರ ಜೊತೆ ಕರಗಿ ಹೋದ ಎರಡನೇ ಯೂರಿಯಾ, ಎರಡೂ ಹೋದದ್ದು ರೆಂಬೆ ತುದಿಯ ಎಲೆಗಳಿಗೆ. ಹೀಗೆ ಒಂದೇ ರೆಂಬೆಯಲ್ಲಿ ಮೇಲೆ ನೀರು ತುಂಬಿದ ಮೆತ್ತನೆ ಎಲೆ, ಕೆಳಗೆ ತೊಗಲಿನಂಥ ಎಲೆ. ಹುಳು ಮೇಲಿನದನ್ನು ತಿಂದಿತು, ಹಿಕ್ಕೆ ಅಂಟಿತು. ಒಳ್ಳೆಯ ಸೊಪ್ಪು ತಿಂದ ಹುಳುವಿನ ಹಿಕ್ಕೆ ಆರು ಮೂಲೆಯ ಕಾಳಿನಂತೆ ಗಟ್ಟಿಯಾಗಿ, ಅಂಗೈಯಲ್ಲಿ ಉರುಳಿಸಿದರೆ ಗಲಗಲ ಎನ್ನಬೇಕು.

ರೋಗ ಬಾರದೆ ಹೋದದ್ದು ನಿಮ್ಮ ಸುಣ್ಣದ ಪುಣ್ಯ. ಅಂಥ ಹಾಸಿಗೆಯಲ್ಲಿ ಸಪ್ಪೆ ರೋಗ ಬಂದಿದ್ದರೆ ಆಶ್ಚರ್ಯವಿರಲಿಲ್ಲ.

ಹೊಸಚಿಗುರು

ಎಲೆಯ ಅಡಿಯಲ್ಲಿ ಕಂದು ಚುಕ್ಕೆ ಇತ್ತು ಅಕ್ಕಾ. ಮಣ್ಣಿನ ಧೂಳು ಎಂದುಕೊಂಡಿದ್ದೆ.

ಹಾಗಾದರೆ ಮುಂದಿನ ಬೆಳೆಗೆ ಮತ್ತೆ 1ನೇ ಸಾಲಿನಿಂದಲೇ ಶುರು ಮಾಡಿ ಹಳೆಯ ದಿಕ್ಕಿಗೆ ಬರುತ್ತೇನೆ. ಕಾಲುವೆಯನ್ನೂ ರಿಪೇರಿ ಮಾಡಿಸಿದ್ದೇನೆ.

ಹಿಕ್ಕೆಲೆಕ್ಕ

ಬೇಡ! ಅಲ್ಲೇ ಎಲ್ಲರೂ ಎಡವುವುದು. ಈಗ ಕೊನೆಗೆ ಕಟಾವಾದದ್ದು 1ನೇ ಸಾಲು. ಅಲ್ಲಿಂದ ಶುರು ಮಾಡಿದರೆ ಮತ್ತೆ ದಿಕ್ಕು ತಿರುಗಿಸಿದ ಹಾಗೆಯೇ. ಈ ಸಲ 1ನೇ ಸಾಲಿಗೆ 44 ದಿನ, 26ನೇ ಸಾಲಿಗೆ 76 ದಿನ ಆಗುತ್ತದೆ. ಹಳೆಯ ತಪ್ಪು ತೋಟದ ಆ ತುದಿಗೆ ವರ್ಗವಾಗುತ್ತದೆ, ಅಷ್ಟೇ.

ಇನ್ನು ಮುಂದೆ 26ರಿಂದ 1ಕ್ಕೆ, ಹಾಗೆಯೇ ಇರಲಿ. ಮೂರನೇ ಹಂತಕ್ಕೆ ಬೇಕಾಗುವುದು ದಿನಕ್ಕೆ ಕೆಲವು ಹೊರೆ, ದೂರದಿಂದ ಹೊತ್ತರೂ ನಡೆಯುತ್ತದೆ. ಐದನೇ ಹಂತದ ಹೊರೆಗಳು ಹುಳು ಮನೆಯ ಪಕ್ಕದಿಂದಲೇ ಬಂದರೆ ನಿಮಗೇ ಲಾಭ.

ಕತ್ತರಿಗಾರ

ಲೆಕ್ಕ ಒಪ್ಪುತ್ತೇನೆ. ಆದರೆ ಒಂದು ಅನುಮಾನ. ಒಂದೇ ದಿಕ್ಕಿನಲ್ಲಿ ಹೋದರೆ ಎಲ್ಲ ಸಾಲೂ 60 ದಿನ ಎಂದಿರಿ. ಮೂರನೇ ಹಂತದ ಹುಳುವಿಗೆ 60 ದಿನದ ಸೊಪ್ಪು ಕೊಟ್ಟರೆ ಅದು ಬಲಿತದ್ದಾಗುವುದಿಲ್ಲವೇ? ಅವರ ಹಿಂದಿನ ಪದ್ಧತಿಯಲ್ಲೂ ಈ ದೋಷ ಇದ್ದೇ ಇತ್ತು.

ಹಿಕ್ಕೆಲೆಕ್ಕ

ಸರಿಯಾಗಿ ಹಿಡಿದಿರಿ. ನಾನು ಮಾಡುವುದು ಇದು: ಮೊದಲು ಕಟಾವಾಗುವ ಎರಡು ಸಾಲುಗಳನ್ನು, ಅವರ ಲೆಕ್ಕದಲ್ಲಿ 26 ಮತ್ತು 25ನ್ನು, ಹುಳು ಹಣ್ಣಾದ ದಿನ ಇನ್ನೊಮ್ಮೆ ಕತ್ತರಿಸುತ್ತೇನೆ. ಅಷ್ಟರಲ್ಲಿ ಹದಿನೈದು ದಿನದ ಚಿಗುರು ಬಂದಿರುತ್ತದೆ, ಅದನ್ನು ಕಳೆದುಕೊಳ್ಳುತ್ತೇನೆ. ಆದರೆ ಮುಂದಿನ ಹುಳು ಬರುವ ಹೊತ್ತಿಗೆ ಆ ಎರಡು ಸಾಲು 44 ದಿನದ್ದಾಗಿ ಮೂರನೇ ಹಂತಕ್ಕೆ ಹದವಾಗಿರುತ್ತವೆ.

ಸಾಧ್ಯವಾಗದಿದ್ದರೆ ರೆಂಬೆಯ ಮೇಲಿನ ಮೂರನೇ ಒಂದು ಭಾಗವನ್ನಷ್ಟೇ ಹುಳುವಿಗೆ ಕೊಟ್ಟು ಉಳಿದದ್ದನ್ನು ದನಕ್ಕೆ ಹಾಕಿ. ಎಲೆ ಆರಿಸುವಾಗ ತುದಿಯಿಂದ ಕೆಳಗೆ ಬೆರಳಾಡಿಸಿ, ಹೊಳೆಯುವ ಎಲೆಗಳಲ್ಲಿ ಅತಿ ದೊಡ್ಡದು ಎಲ್ಲಿದೆ ನೋಡಿ. ಚಾಕಿಗೆ ಕೊಡುವುದು ಅದರ ಆಸುಪಾಸಿನದು. ಮೂರನೇ ಹಂತಕ್ಕೆ ಅಲ್ಲಿಂದ ನಾಲ್ಕೈದು ಎಲೆ ಕೆಳಗಿನವರೆಗೆ ಹೋಗಬಹುದು. ಹೊಳಪು ಹೋಗಿ ಮಂಕಾದ ಎಲೆ ಐದನೇ ಹಂತಕ್ಕೆ.

ಕತ್ತರಿಗಾರ

ಹದಿನೈದು ದಿನಕ್ಕೆ ಮತ್ತೆ ಕತ್ತರಿಸಿದರೆ ಬುಡ ಸೊರಗುವುದಿಲ್ಲವೇ? ಬುಡದಲ್ಲಿ ಕೂಡಿಟ್ಟುಕೊಂಡದ್ದನ್ನು ಖರ್ಚು ಮಾಡಿ ಗಿಡ ಚಿಗುರಿಸಿರುತ್ತದೆ, ಎಲೆ ಕೆಲಸ ಶುರು ಮಾಡುವ ಹೊತ್ತಿಗೆ ತೆಗೆದುಬಿಡುತ್ತೀರಿ. ನಾನು ಒಂದು ಸಾಲಿನಲ್ಲಿ ಸತತ ಮೂರು ಬೆಳೆ ಹೀಗೆ ಮಾಡಿದೆ. ನಾಲ್ಕನೆಯದಕ್ಕೆ ಕಡ್ಡಿ ಪೆನ್ಸಿಲಿನಷ್ಟು ಸಣ್ಣದಾಯಿತು.

ಹಿಕ್ಕೆಲೆಕ್ಕ

ಅದೇ ಸಾಲನ್ನು ಪ್ರತಿ ಸಲ ಬಳಸಿದರೆ ಸೊರಗುತ್ತದೆ, ಒಪ್ಪುತ್ತೇನೆ. ನಾನು ಆ ಎರಡು ಸಾಲಿಗೆ ಕೊಟ್ಟಿಗೆ ಗೊಬ್ಬರವನ್ನು ಬೇರೆಯವಕ್ಕಿಂತ ಹೆಚ್ಚು ಹಾಕುತ್ತೇನೆ, ನನ್ನಲ್ಲಿ ಕಡ್ಡಿ ಅಷ್ಟು ಸಣ್ಣದಾಗಿಲ್ಲ. ಆದರೆ ನನ್ನದು ಆಳವಾದ ಮಣ್ಣು. ನಿಮ್ಮ ಮಣ್ಣಿನಲ್ಲಿ ಹಾಗಾಗಿದ್ದರೆ ಅದನ್ನು ಸುಳ್ಳೆನ್ನಲಾರೆ.

ಕತ್ತರಿಗಾರ

ನಮ್ಮದು ಎರಡಡಿ ಕೆಳಗೆ ಗರಸು. ಅದೇ ಇರಬೇಕು.

ಕಟಾವಿನ ಮಾತು ಬಂದದ್ದರಿಂದ ಹೊಸಚಿಗುರು ಅವರಿಗೆ ಒಂದು ಪ್ರಶ್ನೆ. ಯಾವುದರಿಂದ ಕತ್ತರಿಸುತ್ತೀರಿ, ಎಷ್ಟು ಎತ್ತರದಲ್ಲಿ?

ಹೊಸಚಿಗುರು

ಮಚ್ಚಿನಿಂದ. ಎತ್ತರ ಅಳೆದಿಲ್ಲ, ಬಗ್ಗಿದರೆ ಕೈಗೆ ಸಿಗುವಷ್ಟು. ಈಗ ನೋಡಿದರೆ ಬುಡ ಮೊಣಕಾಲಿನವರೆಗೆ ಬಂದಿದೆ. ಪ್ರತಿ ಬುಡದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕಡ್ಡಿ ಏಳುತ್ತವೆ.

ಕತ್ತರಿಗಾರ

ಅಲ್ಲಿಯೂ ಸೊಪ್ಪು ಕೆಡುತ್ತಿದೆ. ಪ್ರತಿ ಸಲ ಹಳೆಯ ಗಾಯಕ್ಕಿಂತ ಎರಡು ಬೆರಳು ಮೇಲೆ ಕತ್ತರಿಸುತ್ತಾ ಹೋದರೆ ಐದು ವರ್ಷದಲ್ಲಿ ಮೊಣಕಾಲು ಮುಟ್ಟುವುದೇ. ಅಲ್ಲಿ ಗಂಟುಗಂಟಾಗಿ ಮುಷ್ಟಿಯಂತಹ ತಲೆ ಬೆಳೆದಿರುತ್ತದೆ. ಅದರಿಂದ ಇಪ್ಪತ್ತು ಕಡ್ಡಿ ಏಳುತ್ತವೆ, ಎಲ್ಲ ಬಡಕಲು. ಒಂದರ ನೆರಳು ಇನ್ನೊಂದರ ಮೇಲೆ. ಒಳಗಿನ ಎಲೆ ಬಿಸಿಲು ಕಾಣದೆ 40 ದಿನಕ್ಕೇ ಹಳದಿಯಾಗುತ್ತದೆ. ಅಂದರೆ ವಯಸ್ಸಿನಲ್ಲಿ ಎಳೆಯದಾಗಿದ್ದರೂ ಗುಣದಲ್ಲಿ ಮುದುಕ.

ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಹೊತ್ತಿಗೆ, ಬುಡವನ್ನು ನೆಲದಿಂದ ಒಂದು ಗೇಣಿನೊಳಗೆ ಇಳಿಸಿ. ಇದಕ್ಕೆ ಗರಗಸವೇ ಬೇಕು. ಮಚ್ಚು ಹೊಡೆದರೆ ದಪ್ಪ ಬುಡ ಸೀಳುತ್ತದೆ, ತೊಗಟೆ ಉದ್ದಕ್ಕೆ ಹರಿದು ಬರುತ್ತದೆ, ಆ ಸೀಳಿನಲ್ಲಿ ನೀರು ನಿಂತು ಕೊಳೆಯುತ್ತದೆ, ಗೆದ್ದಲೂ ಅಲ್ಲಿಂದಲೇ ಒಳಗೆ ಹೋಗುತ್ತದೆ. ಒಮ್ಮೆ ಬಗ್ಗಿ ನೋಡಿ, ಸೀಳಿದ ಕಡೆ ಒಂದೂ ಚಿಗುರು ಇರುವುದಿಲ್ಲ. ಪ್ರತಿ ಬೆಳೆಯ ಕಟಾವಿಗೆ ಸಿಕೇಟರ್ ಕತ್ತರಿ ಸಾಕು. ಕತ್ತರಿಸಿದ ಮೇಲೆ ಕೈಯಿಂದ ಸವರಿದರೆ ನುಣುಪಾಗಿರಬೇಕು.

ಚಿಗುರು ಒಂದು ಗೇಣು ಬಂದಾಗ ಸಣ್ಣವನ್ನು ಕೈಯಲ್ಲೇ ಚಿವುಟಿ ಹತ್ತು ಹನ್ನೆರಡು ಉಳಿಸಿ. ಸೊಪ್ಪಿನ ತೂಕ ಕಡಿಮೆಯಾಗುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ನನ್ನ ಅನುಭವದಲ್ಲಿ ಹುಳು ತಿಂದ ಸೊಪ್ಪಿನ ತೂಕ ಕಡಿಮೆಯಾಗಿಲ್ಲ.

ತೊಟ್ಟಿಕ್ಕು

ಸಿಕೇಟರ್‌ನಲ್ಲಿ ಒಂದು ಎಕರೆ ಕತ್ತರಿಸಿ ನೋಡಿ ಗೊತ್ತಾಗುತ್ತದೆ, ಎರಡನೇ ದಿನಕ್ಕೆ ಕೈ ಮಡಚಲು ಬರುವುದಿಲ್ಲ. ನಾನು ಹುಲ್ಲು ಕತ್ತರಿಸುವ ಯಂತ್ರಕ್ಕೆ ವೃತ್ತಾಕಾರದ ಗರಗಸದ ಬ್ಲೇಡು ಹಾಕಿಸಿಕೊಂಡಿದ್ದೇನೆ. ಬ್ಲೇಡು ಹರಿತವಾಗಿದ್ದರೆ ಗಾಯ ಚೆನ್ನಾಗಿಯೇ ಬರುತ್ತದೆ, ಮೊಂಡಾದರೆ ಮಚ್ಚಿಗಿಂತ ಕೆಟ್ಟದು.

ನೀರಿನ ವಿಷಯಕ್ಕೆ ಬರುತ್ತೇನೆ. ನೀರುಗಂಟಿ ಅವರು 15 ದಿನ ನೀರು ನಿಲ್ಲಿಸುವ ಮಾತು ಹೇಳಿದರು. ನಾನು ಒಂದು ಬೇಸಿಗೆಯಲ್ಲಿ ಅದನ್ನು ಮಾಡಿ ಸುಟ್ಟುಕೊಂಡಿದ್ದೇನೆ. ಬೆಳಿಗ್ಗೆ ಕತ್ತರಿಸಿದ ಸೊಪ್ಪು ಮಧ್ಯಾಹ್ನಕ್ಕೆ ಕಾಗದವಾಗುತ್ತಿತ್ತು. ಹುಳು ನೀರು ಕುಡಿಯುವುದಿಲ್ಲ, ಅದಕ್ಕೆ ಸಿಗುವ ನೀರೆಲ್ಲ ಎಲೆಯಿಂದಲೇ. ಬಾಡಿದ ಎಲೆಯ ಮೇಲೆ ಅವು ಸುಮ್ಮನೆ ತಲೆಯೆತ್ತಿ ಕುಳಿತಿದ್ದವು.

ನೀರುಗಂಟಿ

ಬೇಸಿಗೆಯಲ್ಲಿ ನಾನೂ ನಿಲ್ಲಿಸುವುದಿಲ್ಲ ಸರ್. ನನ್ನದು ಕಪ್ಪು ಮಣ್ಣು, ಒಮ್ಮೆ ಕೊಟ್ಟರೆ ಹದಿನೈದು ದಿನ ಹಸಿ ಇರುತ್ತದೆ. ಕೆಂಪು ಮಣ್ಣಿಗೂ ಅದೇ ಹೇಳಿದ್ದು ನನ್ನ ತಪ್ಪು. ಆದರೆ ಕಟಾವಿನ ಹೊತ್ತಿಗೆ ಮಣ್ಣು ಆರಿರಬೇಕು ಎಂಬ ಮಾತನ್ನು ಬಿಡುವುದಿಲ್ಲ.

ಹಿಕ್ಕೆಲೆಕ್ಕ

ಆ ಮಾತು ನಿಲ್ಲುತ್ತದೆ. ಕೆಂಪು ಗೋಡಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಒಂದೂವರೆಯಿಂದ ಎರಡು ಅಂಗುಲ ನಿಲ್ಲುವಷ್ಟು ನೀರು ಸಾಕು. ದಿನ ಎಣಿಸುವುದಕ್ಕಿಂತ ಎರಡು ಸಾಲಿನ ನಡುವೆ ಒಂದು ಗೇಣು ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿಯಿರಿ. ಉಂಡೆ ನಿಂತರೆ ಇನ್ನೆರಡು ದಿನ ತಡೆಯಿರಿ, ಬೆರಳು ಬಿಟ್ಟೊಡನೆ ಉದುರಿದರೆ ಅಂದೇ ಕೊಡಿ.

ಗಿಡಕ್ಕೆ ನೀರು ನಿಜವಾಗಿ ಬೇಕಾಗುವುದು ಕಟಾವಾದ ಮೊದಲ ನಾಲ್ಕು ವಾರ. ಆಗ ಬಾಯಾರಿಸಿದರೆ ಗೆಣ್ಣುಗಳ ನಡುವಿನ ಅಂತರ ಕಿರಿದಾಗಿ ಎಲೆ ಸಣ್ಣದಾಗುತ್ತದೆ, ಬೇಗ ಬಲಿಯುತ್ತದೆ. ನಮ್ಮ ಜನ ಮಾಡುವುದು ತಿರುವುಮುರುವು: ಹುಳು ಇಲ್ಲದಾಗ ತೋಟ ಮರೆಯುತ್ತಾರೆ, ಹುಳು ಬಂದ ಮೇಲೆ ನೀರು ಬಿಡುತ್ತಾರೆ. ಯೂರಿಯಾ ಕೂಡ ಹಾಗೆಯೇ. 20ನೇ ದಿನದ್ದು ಸರಿ. ಹುಳು ಬರುವ ಎರಡು ದಿನ ಮುಂಚಿನದು ಬೇಡವೇ ಬೇಡ.

ಕಟಾವಿನ 17 ದಿನಗಳಲ್ಲಿ ಇಡೀ ತೋಟಕ್ಕೆ ಒಂದೇ ಸಲ ಬಿಡಬೇಡಿ. 26 ಸಾಲನ್ನು ಮೂರು ತುಂಡು ಮಾಡಿ ನಡುವೆ ಬದು ಹಾಕಿ. ಯಾವ ತುಂಡನ್ನು ಕತ್ತರಿಸಲಿದ್ದೀರೋ ಅದಕ್ಕೆ ನಾಲ್ಕೈದು ದಿನ ಮೊದಲೇ ಕೊನೆಯ ನೀರು ಮುಗಿದಿರಲಿ. ಕತ್ತರಿಸಿ ಮುಗಿದ ತುಂಡಿಗೆ ಗೊಬ್ಬರ ಹಾಕಿ ಉತ್ತು ನೀರು ಬಿಡಬಹುದು.

ತೊಟ್ಟಿಕ್ಕು

ಡ್ರಿಪ್‌ನಲ್ಲಿ ಈ ತುಂಡುಗಳ ರಗಳೆ ಇಲ್ಲ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಹೋಗುತ್ತದೆ. ಆದರೆ ಬೇರೆ ರಗಳೆ ಇದೆ. ಕಳೆದ ವರ್ಷ ಒಂದೇ ತಟ್ಟೆಯಲ್ಲಿ ಹುಳು ದೊಡ್ಡದು ಚಿಕ್ಕದು ಆಗುತ್ತಿತ್ತು. ರೋಗವೆಂದು ಹೆದರಿ ಎರಡು ದಿನ ನಿದ್ದೆಯಿಲ್ಲ. ಕೊನೆಗೆ ನೋಡಿದರೆ ಸಾಲಿನ ತುದಿಯ ತೂತುಗಳಲ್ಲಿ ಉಪ್ಪು ಕಟ್ಟಿ ನೀರು ಬರುತ್ತಿರಲಿಲ್ಲ. ಹೊರೆಯಲ್ಲಿ ಅರ್ಧ ಒಳ್ಳೆಯ ಸೊಪ್ಪು, ಅರ್ಧ ಬಾಯಾರಿದ ಸೊಪ್ಪು ಬೆರೆತು ಬರುತ್ತಿತ್ತು. ಈಗ ಪ್ರತಿ ಕಟಾವಿನ ನಂತರ ಪೈಪಿನ ತುದಿ ಬಿಚ್ಚಿ ನೀರು ಹರಿಸಿ ತೊಳೆಯುತ್ತೇನೆ.

ಹೊಸಚಿಗುರು

ಎಲೆಯಲ್ಲಿ ನೀರು ಹೆಚ್ಚೋ ಕಡಿಮೆಯೋ ಎಂದು ಹುಳುವಿಗೆ ಕೊಡುವ ಮೊದಲೇ ತಿಳಿಯುವ ದಾರಿ ಇದೆಯೇ? ಹಿಕ್ಕೆ ನೋಡುವ ಹೊತ್ತಿಗೆ ತಡವಾಗಿರುತ್ತದೆ.

ಹಿಕ್ಕೆಲೆಕ್ಕ

ತಕ್ಕಡಿ ಇದೆಯಲ್ಲ. ರೆಂಬೆಯ ನಡುಭಾಗದ 100 ಗ್ರಾಂ ಎಲೆ, ಇಬ್ಬನಿ ಆರಿದ ಮೇಲೆ ಕಿತ್ತದ್ದು, ತೆಳುವಾಗಿ ಹರಡಿ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ. ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಬೇಕು. ಆಗ ತೂಕ ಮಾಡಿ. ಐದನೇ ಹಂತಕ್ಕೆ 30 ಗ್ರಾಂ ಹತ್ತಿರ ಉಳಿದರೆ ಒಳ್ಳೆಯದು. 22, 23ಕ್ಕೆ ಇಳಿದರೆ ಆ ಎಲೆ ಚಾಕಿಗೆ ಹೊಂದುವಂಥದ್ದು, ದೊಡ್ಡ ಹುಳುವಿಗೆ ನೀರು ಹೆಚ್ಚು. ಬಿಸಿಲಿನಲ್ಲಿ ಪೂರ್ತಿ ಒಣಗುವುದಿಲ್ಲ, ಹಾಗಾಗಿ ಇದು ಅಂದಾಜು. ಆದರೆ ನಿಮ್ಮದೇ ಎರಡು ತುಂಡುಗಳನ್ನು ಹೋಲಿಸಲು ಸಾಕು. ಹುಳು ನಾಲ್ಕನೇ ಹಂತದಲ್ಲಿರುವಾಗಲೇ ಮಾಡಿದರೆ ಸರಿಪಡಿಸಲು ಸಮಯ ಸಿಗುತ್ತದೆ.

35 ದಾಟಿದರೆ ಎಲೆ ಬಲಿತಿದೆ ಅಥವಾ ಬಾಯಾರಿದೆ. ಯಾವುದೆಂದು ತಕ್ಕಡಿ ಹೇಳುವುದಿಲ್ಲ, ನೀವೇ ಎಲೆಯನ್ನು ಮಡಚಿ ನೋಡಬೇಕು.

ಹೊಸಚಿಗುರು

(ಎರಡು ತಿಂಗಳ ನಂತರ)

ಚರ್ಚೆಯನ್ನು ಮತ್ತೆ ಮೇಲೆ ತರುತ್ತಿದ್ದೇನೆ. ಬೆಳೆ ಮುಗಿಯಿತು. 26ರಿಂದಲೇ ಶುರು ಮಾಡಿದೆ. 26 ಮತ್ತು 25ನ್ನು ಮರುಕಟಾವು ಮಾಡಿದ್ದೆ. ಕಾಲುವೆಗೆ ಬದು ಹಾಕಿ ಮೂರು ತುಂಡು ಮಾಡಿದೆ, ಎರಡನೇ ಯೂರಿಯಾ ಹಾಕಲಿಲ್ಲ.

ಮೂರನೇ ಹಂತದ ಏಳನೇ ಹೊರೆಯವರೆಗೂ ಹುಳು ಒಂದೆಲೆ ಬಿಡಲಿಲ್ಲ. ನಾಲ್ಕನೇ ಹಂತದಲ್ಲಿ 100 ಗ್ರಾಂ ಎಲೆ ಒಣಗಿಸಿದೆ. ಮೊದಲ ತುಂಡಿನದು 28 ಗ್ರಾಂ, ನಡುವಿನದು 29, ಹುಳು ಮನೆಯ ಪಕ್ಕದ ತುಂಡಿನದು 24. ಆ ಪಕ್ಕ ಕಾಲುವೆ ಇನ್ನೂ ಜಿನುಗುತ್ತಿದೆ. ಅದನ್ನು ಕೊನೆಗೆ ಇಟ್ಟು, ಕತ್ತರಿಸಿದ ಸೊಪ್ಪನ್ನು ನೆರಳಿನಲ್ಲಿ ಎರಡು ಗಂಟೆ ನಿಲ್ಲಿಸಿ ಕೊಟ್ಟೆ. ಸರಿಯೋ ತಪ್ಪೋ ಗೊತ್ತಿಲ್ಲ, ಹಿಕ್ಕೆ ಅಂಟಲಿಲ್ಲ.

200 ಮೊಟ್ಟೆಗೆ 117 ಕಿಲೋ. ಕಿಲೋಗೆ 590 ಗೂಡು. ಒಂದೂವರೆ ದಿನದಲ್ಲಿ ಹಣ್ಣಾಗಿ ಮುಗಿಯಿತು.

ಹಿಕ್ಕೆಲೆಕ್ಕ

ಎರಡು ಗಂಟೆ ನೆರಳಿನಲ್ಲಿ ನಿಲ್ಲಿಸಿದ್ದು ತಪ್ಪಲ್ಲ, ನಿಂತ ರೆಂಬೆಯಾದ್ದರಿಂದ ನಡೆಯಿತು. ರಾಶಿ ಹಾಕಿದ್ದರೆ ಒಳಗೆ ಕಾವು ಕಟ್ಟುತ್ತಿತ್ತು. ಆದರೆ ಜಿನುಗುವ ಕಾಲುವೆಗೆ ಅದು ಪರಿಹಾರವಲ್ಲ.

ಕತ್ತರಿಗಾರ

26 ಮತ್ತು 25ರ ಕಡ್ಡಿ ದಪ್ಪ ಅಳೆದಿರಾ? ನನಗೆ ಅದರ ಮೇಲೇ ಕಣ್ಣು.

ಹೊಸಚಿಗುರು

ಅಳೆಯಲಿಲ್ಲ ಅಣ್ಣಾ. ಕಣ್ಣಿಗೆ ವ್ಯತ್ಯಾಸ ಕಾಣುತ್ತಿಲ್ಲ, ಆದರೆ ಇದು ಮೊದಲ ಸಲ. ಈ ಬೆಳೆಯಲ್ಲಿ 26ನ್ನು ಮಾತ್ರ ಮರುಕಟಾವು ಮಾಡಿ 25ನ್ನು ಹಾಗೆಯೇ ಬಿಟ್ಟಿದ್ದೇನೆ. ಎರಡೂ ಅಕ್ಕಪಕ್ಕ ಇವೆ, ಮೂರು ಬೆಳೆಯಾದ ಮೇಲೆ ದಾರ ಸುತ್ತಿ ಅಳೆದು ಇಲ್ಲಿ ಹಾಕುತ್ತೇನೆ. ಬುಡ ಇಳಿಸುವ ಕೆಲಸಕ್ಕೆ ಇನ್ನೂ ಗರಗಸ ಕೊಂಡಿಲ್ಲ, ಮಳೆಗೆ ಮೊದಲು ಆಗಬೇಕು.

ಕೊಡಲಿಕಾವು

ಗರಗಸ ಕೊಂಡರೆ ಬೇರು ಕೊಳೆತ ಗಿಡಕ್ಕೆ ಮುಟ್ಟಿಸಬೇಡಿ. ನಾನು ಮುಟ್ಟಿಸಿದ್ದೆ.

ಹೊಸಚಿಗುರು

ಎಷ್ಟು ಗಿಡ ಹೋದವು?

ಕೊಡಲಿಕಾವು

ಎಂಟು ಇದ್ದದ್ದು ಈಗ ಮೂವತ್ತು. ಬೇರೆ ಚರ್ಚೆ ತೆರೆದಿದ್ದೇನೆ, ಅಕ್ಕ ಬಿಡುವಾದಾಗ ಅಲ್ಲಿ ಬರಲಿ.